‘ಹೋಗಲಿ’ ಅಂದರೆ ಅಪ್ಪಣೆಯೋ ಅನುಮತಿಯೋ?

ಪ್ರಶ್ನೆಪತ್ರಿಕೆಯಲ್ಲಿ ಒಂದು ಸಣ್ಣ ವಾಕ್ಯ ಇರುತ್ತದೆ: ‘ಅವನು ಮನೆಗೆ ಹೋಗಲಿ.’ ಕೆಳಗೆ ನಾಲ್ಕು ಆಯ್ಕೆ. ಅ) ವಿಧ್ಯರ್ಥಕ, ಆ) ನಿಷೇಧಾರ್ಥಕ, ಇ) ಸಂಭಾವನಾರ್ಥಕ, ಈ) ಪ್ರಶ್ನಾರ್ಥಕ. ಮನೆಯಲ್ಲಿ ದಿನಕ್ಕೆ ಹತ್ತು ಸಲ ‘ಹೋಗಲಿ ಬಿಡು’ ಎನ್ನುವ ಹುಡುಗಿ ಇಲ್ಲಿ ಬಂದು ನಿಲ್ಲುತ್ತಾಳೆ. ಇಲ್ಲಿ ಯಾರೂ ಗದರಿಸಿಲ್ಲ, ಹಾಗಾಗಿ ಆಜ್ಞೆ ಅಂತ ಅನ್ನಿಸುವುದಿಲ್ಲ. ಹೋಗುತ್ತಾನೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಸಂಭಾವನೆ ಇರಬಹುದೇ ಎಂಬ ಅನುಮಾನ. ಕೊನೆಗೆ ‘ಇ’ಗೆ ಗುರುತು ಹಾಕುತ್ತಾಳೆ. ಸರಿಯುತ್ತರ ‘ಅ’, ವಿಧ್ಯರ್ಥಕ.

ಈ ತಪ್ಪಿಗೆ ಅವಳ ಕನ್ನಡ ಕಾರಣವಲ್ಲ, ಆಯ್ಕೆಗಳಲ್ಲಿರುವ ಹೆಸರುಗಳು ಕಾರಣ. ವಿಧಿ, ನಿಷೇಧ, ಅನುಮತಿ ಎಂಬ ಮಾತುಗಳಿಗೆ ವ್ಯವಹಾರದಲ್ಲಿ ಒಂದು ಅರ್ಥ, ವ್ಯಾಕರಣದಲ್ಲಿ ಇನ್ನೊಂದು ಅಳತೆ. ವ್ಯವಹಾರದಲ್ಲಿ ವಿಧಿಯೆಂದರೆ ಕಟ್ಟಪ್ಪಣೆ, ನಿಷೇಧವೆಂದರೆ ‘ಮಾಡಕೂಡದು’ ಎಂಬ ತಡೆ. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥ ತುಂಬ ಅಗಲವಾದದ್ದು. ಆಜ್ಞೆ, ಅಪ್ಪಣೆ, ಪ್ರಾರ್ಥನೆ, ಹಾರೈಕೆ, ಆಶೀರ್ವಾದ, ಸಮ್ಮತಿ, ಶಾಪ ಕೂಡ ಅದರೊಳಗೇ ಬರುತ್ತವೆ. ನಿಷೇಧಾರ್ಥವೂ ಹಾಗೆಯೇ: ಅಲ್ಲಿ ತಡೆ ಮಾತ್ರವಲ್ಲ, ಕ್ರಿಯೆ ನಡೆಯುವುದಿಲ್ಲ ಎಂಬ ಬರೀ ನಿರಾಕರಣೆಯೂ ಸೇರುತ್ತದೆ. ‘ಅವನು ತಿನ್ನನು’ ಎಂಬ ವಾಕ್ಯದಲ್ಲಿ ಯಾರೂ ಯಾರನ್ನೂ ತಡೆದಿಲ್ಲ. ಆದರೂ ಪಠ್ಯಪುಸ್ತಕ ಅದನ್ನು ನಿಷೇಧಾರ್ಥಕ ಎನ್ನುತ್ತದೆ. ಇನ್ನು ಅನುಮತಿಗೆ ಶಾಲೆಯ ಪಟ್ಟಿಯಲ್ಲಿ ಪ್ರತ್ಯೇಕ ಮನೆಯೇ ಇಲ್ಲ.

ಹಾಗಾಗಿ ವಾಕ್ಯಕ್ಕಿಂತ ಮೊದಲು ಓದಬೇಕಾದದ್ದು ಆಯ್ಕೆಗಳನ್ನು. ಎರಡು ಬಗೆಯ ಆಯ್ಕೆಗಳು ಬರುತ್ತವೆ. ‘ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ’ ಎಂದಿದ್ದರೆ ಕೇಳಿರುವುದು ಕ್ರಿಯಾಪದದ ರೂಪ, ಅದರ ಉತ್ತರ ಪದದ ಕೊನೆಯಲ್ಲಿ ಸಿಗುತ್ತದೆ. ‘ಆಜ್ಞೆ, ನಿಷೇಧ, ಅನುಮತಿ, ಹಾರೈಕೆ’ ಎಂದಿದ್ದರೆ ಕೇಳಿರುವುದು ಮಾತಿನ ಭಾವ. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಸಂದರ್ಭದಲ್ಲಿ ಎಂದು ನೋಡದೆ ಅದು ಬಗೆಹರಿಯದು. ‘ಅವನು ಹೋಗಲಿ’ ರೂಪದ ಲೆಕ್ಕದಲ್ಲಿ ಯಾವಾಗಲೂ ವಿಧ್ಯರ್ಥಕವೇ. ಭಾವದ ಲೆಕ್ಕದಲ್ಲಿ ಹಾಗಲ್ಲ. ಮೇಷ್ಟ್ರು ತರಗತಿಯಿಂದ ಹುಡುಗನನ್ನು ಕಳಿಸುವಾಗ ಅದು ಅಪ್ಪಣೆ, ಮಗ ಜಾತ್ರೆಗೆ ಹೊರಟಾಗ ಅಜ್ಜಿ ಅಂದರೆ ಅನುಮತಿ, ಜಗಳದ ಕೊನೆಗೆ ಅಂದರೆ ಬೇಸತ್ತು ಬಿಟ್ಟುಕೊಟ್ಟ ಮಾತು.

ವಿಧ್ಯರ್ಥದ ರೂಪಗಳು ಪುರುಷಕ್ಕೆ ತಕ್ಕಂತೆ ಬದಲಾಗುತ್ತವೆ. ಎದುರಿಗಿರುವ ಒಬ್ಬನಿಗೆ ಹೇಳುವಾಗ ಧಾತುವೇ ಆಜ್ಞೆ: ಮಾಡು, ಓದು, ನಿಲ್ಲು. ಹಲವರಿಗೆ, ಅಥವಾ ಗೌರವದಿಂದ ಒಬ್ಬರಿಗೆ ‘ಇರಿ’ ಎಂಬ ಪ್ರತ್ಯಯ ಸೇರುತ್ತದೆ: ಮಾಡಿರಿ, ಓದಿರಿ. ಮಾತಿನಲ್ಲಿ ಅದು ಸವೆದು ‘ಮಾಡಿ, ಓದಿ’ ಆಗಿದೆ. ಧಾರವಾಡದ ಕಡೆ ‘ಮಾಡ್ರಿ, ಹೋಗ್ರಿ’ ಎನ್ನುವಾಗ ಆ ‘ರಿ’ ಹಾಗೇ ಉಳಿದಿದೆ. ‘ಬರು’, ‘ತರು’ ಎಂಬ ಎರಡು ಧಾತುಗಳು ಮಾತ್ರ ದಾರಿ ಬಿಟ್ಟು ‘ಬಾ, ಬನ್ನಿ’, ‘ತಾ, ತನ್ನಿ’ ಎಂದಾಗುತ್ತವೆ. ಹೇಳುವವನೂ ಸೇರಿಕೊಂಡರೆ ‘ಓಣ’ ಬರುತ್ತದೆ: ಮಾಡೋಣ, ಹೋಗೋಣ. ಎದುರಿಗಿಲ್ಲದವರ ಬಗ್ಗೆ ಹೇಳುವಾಗ ‘ಅಲಿ’: ಮಾಡಲಿ, ಬರಲಿ. ಅವನು, ಅವಳು, ಅವರು, ಅದು, ಅವು ಎಲ್ಲದಕ್ಕೂ ಇದೊಂದೇ ರೂಪ, ಲಿಂಗ ವಚನಗಳ ಭೇದವಿಲ್ಲ. ಹಳಗನ್ನಡದಲ್ಲಿ ಈ ಜಾಗದಲ್ಲಿ ‘ಗೆ’ ಎಂಬ ಪ್ರತ್ಯಯವಿತ್ತು. ‘ಅಕ್ಕೆ’ ಅಂದರೆ ಆಗಲಿ, ‘ಮಾಳ್ಕೆ’ ಅಂದರೆ ಮಾಡಲಿ. ಕಾವ್ಯಗಳ ಮಂಗಳದ ಮಾತುಗಳಲ್ಲಿ ಇವು ಸಿಗುತ್ತವೆ, ಹಾರೈಕೆ ವಿಧ್ಯರ್ಥದೊಳಗೆ ಎಷ್ಟು ಹಳೆಯ ಒಕ್ಕಲು ಎಂಬುದಕ್ಕೆ ಅದೇ ಸಾಕ್ಷಿ.

‘ಅಲಿ’ ಒಂದೊಂದು ಸಲ ‘ನಾನು’ ಜೊತೆಗೂ ಬರುತ್ತದೆ. ಆಗ ಅದು ಪ್ರಶ್ನೆಯಾಗುತ್ತದೆ: ‘ನಾನು ಏನು ಮಾಡಲಿ?’ ‘ಒಳಗೆ ಬರಲೇ?’ ಬಾಗಿಲಲ್ಲಿ ನಿಂತವನು ‘ಬರಲಾ?’ ಎಂದರೆ ಅವನು ಕೇಳುತ್ತಿರುವುದು ಅನುಮತಿ. ಆಯ್ಕೆಯಲ್ಲಿ ‘ಪ್ರಶ್ನಾರ್ಥಕ’ವೂ ‘ಅನುಮತಿ’ಯೂ ಒಟ್ಟಿಗೆ ಇದ್ದಾಗ ಹುಡುಗರು ಎಡವುವುದು ಇಲ್ಲಿ. ವಾಕ್ಯದ ತುದಿಯ ಚಿಹ್ನೆ ನೋಡಿ ಪ್ರಶ್ನಾರ್ಥಕ ಅಂದುಬಿಡುತ್ತಾರೆ. ಪ್ರಶ್ನೆ ‘ಈ ಮಾತಿನ ಉದ್ದೇಶವೇನು’ ಎಂದಿದ್ದರೆ ಅನುಮತಿ ಕೇಳುವುದೇ ಅದರ ಉದ್ದೇಶ.

ಇನ್ನೊಂದು ಕಡೆ ‘ಅಲಿ’ ಕಾಣಿಸಿದರೂ ಅದು ಅಲ್ಲಿರುವುದಿಲ್ಲ. ‘ಅವನು ಬರಲಿಲ್ಲ’ ಎಂಬುದನ್ನು ‘ಬರಲಿ’ ಮತ್ತು ‘ಇಲ್ಲ’ ಎಂದು ಒಡೆದು ವಿಧ್ಯರ್ಥವನ್ನು ಹುಡುಕುವವರಿದ್ದಾರೆ. ಅದು ‘ಬರಲು’ ಮತ್ತು ‘ಇಲ್ಲ’ ಸೇರಿ ಲೋಪಸಂಧಿಯಾದ ಪದ. ಹಾರೈಕೆಯೂ ಇಲ್ಲ, ಅಪ್ಪಣೆಯೂ ಇಲ್ಲ. ನಡೆಯದೆ ಹೋದದ್ದರ ವರದಿ, ಅಷ್ಟೆ. ಹಾಗೆಯೇ ‘ಪಾಠ ಓದಿ ಉತ್ತರ ಬರೆಯಿರಿ’ ಎಂಬಲ್ಲಿ ಆಜ್ಞೆ ಇರುವುದು ‘ಬರೆಯಿರಿ’ಯಲ್ಲಿ. ‘ಓದಿ’ ನೋಡಲು ಆಜ್ಞೆಯ ಹಾಗೇ ಇದ್ದರೂ ಅಲ್ಲಿ ಅದು ‘ಓದಿದ ಮೇಲೆ’ ಎಂಬರ್ಥದ ಅಪೂರ್ಣ ಕ್ರಿಯಾಪದ.

ಈಗ ನಿಷೇಧಕ್ಕೆ ಬರೋಣ. ಈ ಮೂರರಲ್ಲಿ ನನಗೆ ಬಹಳ ಇಷ್ಟದ ಭಾಗ ಇದು, ಏಕೆಂದರೆ ಇಲ್ಲಿ ಕನ್ನಡ ಎಂಟುನೂರು, ಸಾವಿರ ವರ್ಷದ ಹಿಂದಿನ ತನ್ನ ಹೆಜ್ಜೆಯನ್ನು ಇನ್ನೂ ಬಿಟ್ಟಿಲ್ಲ. ನಾವು ಇವತ್ತು ‘ಇಲ್ಲ’ ಸೇರಿಸಿ ನಿರಾಕರಿಸುತ್ತೇವೆ: ಮಾಡುವುದಿಲ್ಲ, ಮಾಡಲಿಲ್ಲ, ಮಾಡಿಲ್ಲ. ಹಳೆಯ ಕ್ರಮದಲ್ಲಿ ‘ಇಲ್ಲ’ವೇ ಬೇಕಿರಲಿಲ್ಲ. ಧಾತುವಿಗೆ ನೇರವಾಗಿ ಪುರುಷ ಪ್ರತ್ಯಯ ಹಚ್ಚಿದರೆ ಸಾಕು, ನಿಷೇಧ ಸಿದ್ಧ: ನಾನು ಮಾಡೆನು, ನೀನು ಮಾಡೆ, ಅವನು ಮಾಡನು, ಅವಳು ಮಾಡಳು, ಅದು ಮಾಡದು. ನಡುವೆ ಕಾಲ ಸೂಚಿಸುವ ಪ್ರತ್ಯಯ ಇಲ್ಲ. ‘ಮಾಡುತ್ತಾನೆ’ಯಲ್ಲಿ ‘ಉತ್ತ’ ಇದೆ, ‘ಮಾಡಿದನು’ವಿನಲ್ಲಿ ‘ದ’ ಇದೆ, ‘ಮಾಡುವನು’ವಿನಲ್ಲಿ ‘ವ’ ಇದೆ. ‘ಮಾಡನು’ವಿನಲ್ಲಿ ಅಂಥದ್ದು ಏನೂ ಇಲ್ಲ. ಆ ಖಾಲಿ ಜಾಗವೇ ‘ಇಲ್ಲ’ ಎನ್ನುತ್ತದೆ. ಕಾಲಪ್ರತ್ಯಯ ಇಲ್ಲದ್ದರಿಂದ ‘ಮಾಡನು’ ಎಂಬುದು ಒಂದು ಕಾಲಕ್ಕೆ ಕಟ್ಟುಬಿದ್ದದ್ದೂ ಅಲ್ಲ, ಸಂದರ್ಭವೇ ಕಾಲವನ್ನು ಹೇಳಬೇಕು.

ಇದು ಪುಸ್ತಕದ ಕನ್ನಡ, ಯಾರೂ ಆಡುವುದಿಲ್ಲ ಎಂದು ಅನ್ನಿಸಬಹುದು. ಆದರೆ ‘ಇಷ್ಟು ಸಾಲದು’, ‘ನನ್ನಿಂದ ಆಗದು’, ‘ನಾ ಒಲ್ಲೆ’, ‘ನಾನರಿಯೆ’, ‘ಮಾಡಲಾರೆ’ ಎಂಬಲ್ಲೆಲ್ಲ ಇರುವುದು ಇದೇ ರೂಪ. ಸಾಲು, ಆಗು, ಒಲ್ಲು, ಅರಿ, ಆರು ಎಂಬ ಧಾತುಗಳಿಗೆ ಕಾಲವಿಲ್ಲದ ನಿಷೇಧ ಸೇರಿದೆ. ‘ಮಾಡಲಾರೆ’ಯ ಒಳಗಿರುವ ‘ಆರು’ ಎಂದರೆ ಶಕ್ತನಾಗು. ಸುಮಾರು 1260ರಲ್ಲಿ ಕೇಶಿರಾಜನು ಶಬ್ದಮಣಿದರ್ಪಣ ಬರೆದ ಕಾಲಕ್ಕೆ ಇದೇ ನಿರಾಕರಣೆಯ ಮುಖ್ಯ ದಾರಿಯಾಗಿತ್ತು.

ಈ ಹಳೆಯ ರೂಪ ಗೊತ್ತಾದರೆ ಆಜ್ಞೆಗೆ ಎದುರಾದ ನಿಷೇಧ, ಅಂದರೆ ‘ಮಾಡಬಾರದು’, ‘ಮಾಡಕೂಡದು’ ಎಂಬ ತಡೆಯ ಮಾತುಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ. ‘ಬಾರದು’ ಎಂಬುದು ‘ಬರು’ ಧಾತುವಿನ ನಿಷೇಧ. ‘ನನಗೆ ಈಜು ಬಾರದು’ ಎನ್ನುವಾಗ ಇರುವುದೂ ಅದೇ. ‘ಕೂಡದು’ ಎಂಬುದು ‘ಕೂಡು’ ಧಾತುವಿನ ನಿಷೇಧ. ಹಾಗಾದರೆ ‘ಮಾಡಬಾರದು’ ಅಂದರೆ ಮಾಡುವುದು ಸಲ್ಲದು, ‘ಮಾಡಕೂಡದು’ ಅಂದರೆ ಮಾಡುವುದು ಹೊಂದದು. ‘ಸಲ್ಲದು’ ಕೂಡ ‘ಸಲ್ಲು’ವಿನ ನಿಷೇಧವೇ! ಬಸ್ಸಿನೊಳಗೆ ‘ಉಗುಳಬಾರದು’ ಎಂದು ಬರೆದಿರುವಾಗ ತಡೆಯುವ ಬಲ ಇರುವುದು ಪದದ ಹಿಂಭಾಗದ ಈ ಹಳೆಯ ನಿಷೇಧದಲ್ಲಿ. ಹಾಗಾಗಿ ‘ಉಗುಳಬಾರದು’ ಎಂಬುದು ಕಟ್ಟುನಿಟ್ಟಿನ ಆಜ್ಞೆಯಂತೆ ಕೇಳಿಸಿದರೂ ನಿಷೇಧಾರ್ಥಕ ಎಂದು ಗುರುತಿಸಬೇಕು.

‘ಬಾರದು’ವಿನ ಜೋಡಿ ಯಾವುದು? ‘ಬಹುದು’. ಅದೂ ‘ಬರು’ ಧಾತುವಿನದೇ ರೂಪ. ಹಳಗನ್ನಡದ ‘ಬರ್ಪುದು’ ಎಂಬುದು ‘ಬಪ್ಪುದು’ ಆಗಿ, ‘ಬಹುದು’ ಆಗಿದೆ. ‘ಹೋಗಬಹುದು’ ಎಂದು ಅನುಮತಿ ಕೊಡುವುದೂ ‘ಹೋಗಬಾರದು’ ಎಂದು ತಡೆಯುವುದೂ ಒಂದೇ ಧಾತುವಿನ ಇರುವಿಕೆ ಮತ್ತು ಇಲ್ಲದಿರುವಿಕೆ. ಅನುಮತಿಯನ್ನು ನಿರಾಕರಿಸಿದರೆ ನಿಷೇಧ ಹುಟ್ಟುತ್ತದೆ ಎಂಬ ತರ್ಕವನ್ನು ನುಡಿಯೇ ಕಟ್ಟಿಕೊಟ್ಟಿದೆ.

ಈ ಜೋಡಿಯಿಂದ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. ‘ಬಹುದು’ ಎರಡು ಕೆಲಸ ಮಾಡುತ್ತದೆ: ‘ನೀನು ಇನ್ನು ಹೋಗಬಹುದು’ ಎಂಬಲ್ಲಿ ಅನುಮತಿ, ‘ಸಂಜೆ ಮಳೆ ಬರಬಹುದು’ ಎಂಬಲ್ಲಿ ಊಹೆ. ಆಯ್ಕೆಯಲ್ಲಿ ಅನುಮತಿ ಮತ್ತು ಸಂಭಾವನೆ ಎರಡೂ ಇದ್ದಾಗ ಯಾವುದು ಎಂದು ತಿಳಿಯಲು ವಾಕ್ಯವನ್ನು ಎದುರು ಅರ್ಥಕ್ಕೆ ತಿರುಗಿಸಿ ನೋಡಿ. ‘ನೀನು ಹೋಗಬಹುದು’ ಎಂಬುದರ ಎದುರು ‘ನೀನು ಹೋಗಬಾರದು’ ಅಥವಾ ‘ಹೋಗುವಂತಿಲ್ಲ’. ಅದು ಸರಿಯಾಗಿ ಕೂರುತ್ತದೆ, ಹಾಗಾಗಿ ಅನುಮತಿ. ‘ಮಳೆ ಬರಬಹುದು’ ಎಂಬುದರ ಎದುರು ‘ಮಳೆ ಬರಬಾರದು’ ಅಲ್ಲ. ಹಾಗಂದರೆ ಮಳೆ ಬೇಡವೆಂಬ ಬಯಕೆ ಆಗುತ್ತದೆ. ಅದರ ನಿಜವಾದ ಎದುರು ‘ಮಳೆ ಬರಲಿಕ್ಕಿಲ್ಲ’. ‘ಲಿಕ್ಕಿಲ್ಲ’ ಕೂತರೆ ಊಹೆ, ‘ಬಾರದು’ ಕೂತರೆ ಅನುಮತಿ. ಎರಡೂ ಕೂರುವ ವಾಕ್ಯಗಳು ಉಂಟು. ‘ಅವರು ನಾಳೆ ಬರಬಹುದು’ ಎಂಬುದನ್ನು ಸಂದರ್ಭವಿಲ್ಲದೆ ಕೊಟ್ಟರೆ ಯಾರಿಂದಲೂ ನಿರ್ಧರಿಸಲಾಗದು. ಅಂಥ ವಾಕ್ಯಕ್ಕೆ ಎರಡೂ ಆಯ್ಕೆ ಇಟ್ಟಿದ್ದರೆ ಪ್ರಶ್ನೆಯೇ ತಪ್ಪು ಎಂದು ನಾನು ಹೇಳುತ್ತೇನೆ.

ಶಾಲೆಯ ವ್ಯಾಕರಣ ಸಂಭಾವನಾರ್ಥಕ ಎಂದು ಹೆಸರಿಟ್ಟಿರುವ ರೂಪ ಮುಖ್ಯವಾಗಿ ಇನ್ನೊಂದು: ಬಂದಾನು, ಬಂದಾಳು, ಬಂದೀತು, ಮಾಡಿಯಾನು. ಇದನ್ನು ನಿಷೇಧದಿಂದ ಬೇರ್ಪಡಿಸುವುದು ಸುಲಭ. ‘ತಿನ್ನನು’ ಧಾತುವಿನಿಂದ ನೇರವಾಗಿ ಹುಟ್ಟಿದೆ, ಪ್ರತ್ಯಯದ ಸ್ವರ ಹ್ರಸ್ವ. ‘ತಿಂದಾನು’ ಭೂತಕಾಲದ ‘ತಿಂದ’ದಿಂದ ಹುಟ್ಟಿದೆ, ಸ್ವರ ದೀರ್ಘ. ‘ಬಾರದು’, ‘ಬಂದೀತು’ಗಳನ್ನು ಪಕ್ಕಪಕ್ಕ ಇಟ್ಟರೂ ಇದೇ ಕಾಣುತ್ತದೆ. ‘ಬಾ’ದ ದೀರ್ಘ ಧಾತುವಿನದು, ಅದನ್ನು ಕಂಡು ಮೋಸಹೋಗಬಾರದು, ನೋಡಬೇಕಾದದ್ದು ಕೊನೆಯನ್ನು.

ಇನ್ನು ‘ಬೇಡ’. ಎದುರಿಗಿರುವವರನ್ನು ತಡೆಯಲು ನಾವು ಹೆಚ್ಚು ಬಳಸುವುದು ಇದನ್ನೇ: ಓಡಬೇಡ, ಓಡಬೇಡಿ, ಉತ್ತರ ಕರ್ನಾಟಕದಲ್ಲಿ ಓಡಬ್ಯಾಡ, ಓಡಬ್ಯಾಡ್ರಿ. ಹಳಗನ್ನಡದಲ್ಲಿ ‘ವೇಡ’ ಎಂಬ ರೂಪವೂ ಇತ್ತು. ಬಸವಣ್ಣನವರ ಬಹಳ ಪ್ರಸಿದ್ಧವಾದ ವಚನವೊಂದರಲ್ಲಿ ಏಳು ತಡೆಗಳು ಸಾಲಾಗಿ ಬರುತ್ತವೆ, ಏಳೂ ‘ಬೇಡ’ದಲ್ಲೇ ಮುಗಿಯುತ್ತವೆ. ಅಲ್ಲಿ ಕೆಲವು ‘ಅಬೇಡ’ ಎಂದು ಸೇರಿಕೊಂಡಿವೆ, ಕೆಲವು ‘ಅಲು ಬೇಡ’ ಎಂದು ಬಿಡಿಸಿಕೊಂಡಿವೆ. ‘ಓಡಬೇಡ’ ಎಂಬುದು ವಿಧಿಯೋ ನಿಷೇಧವೋ ಎಂಬ ಗೊಂದಲ ಸಹಜ. ಎದುರಿಗಿರುವವನಿಗೆ ಹೇಳುವ ಮಾತು, ಬಹುವಚನದಲ್ಲಿ ಆಜ್ಞೆಯ ಹಾಗೇ ‘ಬೇಡಿ’ ಎಂದು ‘ಇ’ ಪಡೆಯುತ್ತದೆ. ಅಷ್ಟರಮಟ್ಟಿಗೆ ಅದು ವಿಧಿಯ ನಡೆ. ಆದರೆ ‘ಬೇಕು’ವಿಗೆ ಎದುರಾದ ‘ಬೇಡ’ದಲ್ಲೇ ನಿರಾಕರಣೆ ಕೂತಿದೆ. ಆಯ್ಕೆಯಲ್ಲಿ ನಿಷೇಧಾರ್ಥಕ ಇದ್ದರೆ ಅದೇ ಉತ್ತರ.

‘ಬೇಕು’ ಮತ್ತು ಅದರ ನಿರಾಕರಣೆಯಲ್ಲಿ ದೊಡ್ಡವರೂ ತಪ್ಪುವ ಜಾಗವೊಂದಿದೆ. ‘ನೀವು ಸಹಿ ಮಾಡಬೇಕು’ ಎಂಬುದಕ್ಕೆ ಎರಡು ಎದುರುಗಳು. ‘ಸಹಿ ಮಾಡಬಾರದು’ ಎಂಬುದು ತಡೆ. ‘ಸಹಿ ಮಾಡಬೇಕಿಲ್ಲ’ ಎಂಬುದು ತಡೆಯಲ್ಲ; ಮಾಡುವ ಹೊರೆ ಇಲ್ಲ, ಮಾಡಿದರೂ ತಪ್ಪಿಲ್ಲ. ‘ಇಲ್ಲ’ ಇದೆ ಎಂದು ಅದನ್ನೂ ‘ತಡೆ’ ಎಂಬ ಭಾವಕ್ಕೆ ಸೇರಿಸಿದರೆ ವಾಕ್ಯದ ಅರ್ಥವೇ ಮಗುಚುತ್ತದೆ. ರೂಪ ಕೇಳಿದ್ದರೆ ಅದರಲ್ಲಿ ನಿರಾಕರಣೆ ಉಂಟು. ಭಾವ ಕೇಳಿದ್ದರೆ ಅದು ಬಿಡುಗಡೆ, ಅನುಮತಿಗೆ ಹತ್ತಿರದ್ದು.

ಇಷ್ಟನ್ನು ಇಟ್ಟುಕೊಂಡು ಒಂದು ಕಷ್ಟದ ಪ್ರಶ್ನೆಯನ್ನು ಬಿಡಿಸಿ ನೋಡೋಣ. ವಾಕ್ಯ ಹೀಗಿದೆ: ‘ಮಕ್ಕಳು ಕೆರೆಯ ಹತ್ತಿರ ಹೋಗದಿರಲಿ.’ ಆಯ್ಕೆಗಳು: ಅ) ವಿಧ್ಯರ್ಥಕ, ಆ) ನಿಷೇಧಾರ್ಥಕ, ಇ) ಸಂಭಾವನಾರ್ಥಕ, ಈ) ಇವು ಯಾವುವೂ ಅಲ್ಲ. ಮೊದಲು ಆಯ್ಕೆ: ಕೇಳಿರುವುದು ರೂಪ. ಆಮೇಲೆ ಪದವನ್ನು ಒಡೆಯಬೇಕು: ಹೋಗದೆ, ಇರಲಿ. ‘ಹೋಗದೆ’ಯಲ್ಲಿ ನಿಷೇಧ ಇದೆ, ಆದರೆ ಅದು ಅಪೂರ್ಣ, ಅಲ್ಲಿಗೆ ವಾಕ್ಯ ನಿಲ್ಲುವುದಿಲ್ಲ. ವಾಕ್ಯ ಮುಗಿಸುವ ಕ್ರಿಯಾಪದ ‘ಇರಲಿ’, ಅದರ ಕೊನೆ ‘ಅಲಿ’. ಕಟ್ಟಡವನ್ನು ನೋಡಿದರೆ ನಿಷೇಧವನ್ನು ಒಳಗಿಟ್ಟುಕೊಂಡ ವಿಧ್ಯರ್ಥ ಇದು. ‘ಹೋಗದಿರು’ ಕೂಡ ಹೀಗೆಯೇ, ಅಲ್ಲಿ ಕೊನೆಗಿರುವುದು ‘ಇರು’ ಎಂಬ ಬರೀ ಧಾತು, ಆಜ್ಞೆಯ ರೂಪ. ಸಂಭಾವನೆಗೆ ಬೇಕಾದ ಭೂತಕಾಲದ ಮೊದಲರ್ಧ, ದೀರ್ಘ ಸ್ವರ ಎರಡೂ ಇಲ್ಲದ್ದರಿಂದ ‘ಇ’ ಹೊರಗೆ. ಉಳಿದದ್ದು ‘ಅ’ ಮತ್ತು ‘ಆ’. ರೂಪವನ್ನೇ ಕೇಳಿರುವಾಗ ನಾನು ‘ಅ’ ಎನ್ನುತ್ತೇನೆ, ಯಾಕೆಂದರೆ ಕ್ರಿಯಾಪದದ ಜಾತಿಯನ್ನು ಹೇಳುವುದು ವಾಕ್ಯ ಮುಗಿಸುವ ಪ್ರತ್ಯಯ. ಇದೇ ವಾಕ್ಯಕ್ಕೆ ‘ಆಜ್ಞೆ, ನಿಷೇಧ, ಅನುಮತಿ, ಹಾರೈಕೆ’ ಎಂಬ ಆಯ್ಕೆ ಕೊಟ್ಟಿದ್ದರೆ ಉತ್ತರ ‘ನಿಷೇಧ’. ಪ್ರಶ್ನೆ ಸಿದ್ಧಪಡಿಸುವ ಶಿಕ್ಷಕರು ಈ ಬಗೆಯ ಮಿಶ್ರರೂಪವನ್ನು ಕೊಡುವುದಾದರೆ ‘ರೂಪ’ ಎಂದೋ ‘ಭಾವ’ ಎಂದೋ ಸ್ಪಷ್ಟವಾಗಿ ಬರೆಯಬೇಕು. ಆ ಒಂದು ಪದ ಬಿಟ್ಟುಹೋದರೆ ಸರಿಯಾಗಿ ಯೋಚಿಸಿದ ವಿದ್ಯಾರ್ಥಿಯೇ ಅಂಕ ಕಳೆದುಕೊಳ್ಳುತ್ತಾನೆ.

ಅರ್ಥವನ್ನು ಮಾತ್ರ ನೋಡಿ ರೂಪವನ್ನು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಊರೂರಿನ ಗೋಡೆಗಳ ಮೇಲೆ ಉದಾಹರಣೆ ಇದೆ: ‘ಇಲ್ಲಿ ಧೂಮಪಾನ ನಿಷೇಧಿಸಲಾಗಿದೆ.’ ‘ನಿಷೇಧ’ ಎಂಬ ಪದವೇ ವಾಕ್ಯದಲ್ಲಿದೆ, ಓದಿದವನು ಬೀಡಿ ಆರಿಸಲೇಬೇಕು. ಆದರೂ ಕ್ರಿಯಾಪದ ನಿಷೇಧಾರ್ಥಕವಲ್ಲ. ‘ನಿಷೇಧಿಸಲಾಗಿದೆ’ ಎಂಬುದು ನಡೆದುಹೋದ ಕೆಲಸವನ್ನು ತಿಳಿಸುವ ಕರ್ಮಣಿಪ್ರಯೋಗ, ‘ಕಟ್ಟಲಾಗಿದೆ’, ‘ಹಂಚಲಾಗಿದೆ’ಗಳ ಸಾಲಿನದು. ನಿರಾಕರಣೆಯ ಪ್ರತ್ಯಯ ಅದರಲ್ಲಿ ಎಲ್ಲೂ ಇಲ್ಲ. ಪಕ್ಕದಲ್ಲೇ ‘ಧೂಮಪಾನ ಮಾಡಬಾರದು’ ಎಂದು ಬರೆದಿದ್ದರೆ ಅದು ನಿಷೇಧಾರ್ಥಕ. ಎರಡೂ ಫಲಕಗಳು ಹೇಳುವುದು ಒಂದೇ ಮಾತು, ಹೇಳುವ ಕ್ರಿಯಾಪದಗಳು ಬೇರೆ ಜಾತಿಯವು.

ಕಚೇರಿ ಮತ್ತು ಕಾನೂನಿನ ಕನ್ನಡದಲ್ಲಿ ಈ ಮೂರು ಎಳೆಗಳು ಅತ್ಯಂತ ಸ್ವಚ್ಛವಾಗಿ ಬೇರೆಯಾಗಿವೆ. ಅಲ್ಲಿ ಕಡ್ಡಾಯಕ್ಕೆ ‘ತಕ್ಕದ್ದು’, ತಡೆಗೆ ‘ತಕ್ಕದ್ದಲ್ಲ’, ಅಧಿಕಾರ ಅಥವಾ ಅನುಮತಿಗೆ ‘ಬಹುದು’. ‘ಅಧಿಕಾರಿಯು ಅರ್ಜಿಯನ್ನು ಪರಿಶೀಲಿಸತಕ್ಕದ್ದು’ ಎಂದರೆ ಪರಿಶೀಲಿಸದೆ ಇರಲು ಅವರಿಗೆ ದಾರಿಯಿಲ್ಲ. ‘ಅರ್ಜಿಯನ್ನು ತಿರಸ್ಕರಿಸಬಹುದು’ ಎಂದರೆ ತಿರಸ್ಕಾರ ಆಗುವ ಸಂಭವ ಇದೆ ಎಂಬ ಊಹೆಯಲ್ಲ, ತಿರಸ್ಕರಿಸುವ ಅಧಿಕಾರವನ್ನು ನಿಯಮ ಕೊಟ್ಟಿದೆ ಎಂದರ್ಥ. ಇಲ್ಲಿಯೂ ಎದುರಿಗೆ ತಿರುಗಿಸುವ ಪರೀಕ್ಷೆ ನಡೆಯುತ್ತದೆ: ಅದರ ಎದುರು ‘ತಿರಸ್ಕರಿಸಲಿಕ್ಕಿಲ್ಲ’ ಅಲ್ಲ, ‘ತಿರಸ್ಕರಿಸತಕ್ಕದ್ದಲ್ಲ’. ಅರ್ಜಿ ಹಾಕಿದವರಿಗೆ ಈ ‘ಬಹುದು’ ಊಹೆಯಂತೆ ಕೇಳಿಸಿ, ತಮ್ಮ ಅರ್ಜಿ ಹೋಗಿಯೇಬಿಟ್ಟಿತೆಂದು ಗಾಬರಿಯಾಗುವುದುಂಟು. ಆ ವಾಕ್ಯ ಅಧಿಕಾರಿಗೆ ಬರೆದದ್ದು. ಅನುಮತಿ ಸಿಕ್ಕಿರುವುದು ಅವರಿಗೆ, ಅರ್ಜಿಯ ಗತಿ ಇನ್ನೂ ತೀರ್ಮಾನವಾಗಿಲ್ಲ.